ಪಾಲುದಾರ ತೀರಿಕೊಂಡಾಗ ಮನೆಯವರಿಗೆ ಬರಬೇಕಾದದ್ದೆಷ್ಟು? ಕಲಬುರಗಿಯ ದಾಲ್ ಮಿಲ್ ಲೆಕ್ಕದೊಂದಿಗೆ

ದಿನಕರ್ಮ ಮುಗಿದು ವಾರ ಕಳೆದಿರುವುದಿಲ್ಲ, ಉಳಿದ ಪಾಲುದಾರರು ಮನೆಗೆ ಬರುತ್ತಾರೆ. ಕೈಯಲ್ಲಿ ಕಳೆದ ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಇರುತ್ತದೆ. "ವೈನಿ, ಅಣ್ಣಾರ ಹೆಸರಿನಾಗ ಹನ್ನೆರಡು ಲಕ್ಷ ಅದ ನೋಡ್ರಿ. ಅದನ್ನ ಕೊಟ್ಟು ಮುಗಿಸ್ತೀವಿ" ಅನ್ನುತ್ತಾರೆ. ಹೇಳುವವರು ಮೋಸ ಮಾಡಬೇಕೆಂದೇ ಬಂದಿರುತ್ತಾರೆ ಅಂತಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಕಾಣುವ ಅಂಕಿಯೇ ಪಾಲು ಎಂದು ಎಷ್ಟೋ ವ್ಯಾಪಾರಸ್ಥರು ಮನಸಾರೆ ನಂಬಿದ್ದಾರೆ. ಆದರೆ ಅದು ಬಂಡವಾಳ ಖಾತೆಯ ಬಾಕಿ ಮಾತ್ರ. ತೀರಿಕೊಂಡವರ ಪಾಲು ಅದಕ್ಕಿಂತ ಎರಡು ಪಟ್ಟು ಇರಬಹುದು. ಸಂಸ್ಥೆಗೆ ಸಾಲ ಹೆಚ್ಚಾಗಿದ್ದರೆ ಅದಕ್ಕಿಂತ ಕಡಿಮೆಯೂ ಇರಬಹುದು. ಲೆಕ್ಕ ಹಾಕದೆ ಯಾರಿಗೂ ಗೊತ್ತಾಗುವುದಿಲ್ಲ.

ಈ ಲೇಖನದಲ್ಲಿ ಆ ಲೆಕ್ಕವನ್ನೇ ಹೆಜ್ಜೆ ಹೆಜ್ಜೆಯಾಗಿ ಹಾಕೋಣ. ಕಲಬುರಗಿಯಲ್ಲಿ ತೊಗರಿ ಖರೀದಿಸಿ ಬೇಳೆ ಮಾಡಿ ಮಾರುವ ಮೂವರ ಪಾಲುದಾರಿಕೆಯನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಶರಣಪ್ಪ, ಬಸಣ್ಣ, ಖಾಜಾಸಾಬ್ ಅನ್ನುವ ಹೆಸರುಗಳು, ಅಂಕಿಗಳು ಎಲ್ಲ ಲೆಕ್ಕಕ್ಕಾಗಿ ಇಟ್ಟವು. ಲಾಭ ನಷ್ಟ ಹಂಚಿಕೆ 2:2:1. ಶರಣಪ್ಪ 2025ರ ಸೆಪ್ಟೆಂಬರ್ 30ರಂದು ತೀರಿಕೊಂಡರು.

ಮೊದಲು ಪಾಲುದಾರಿಕೆ ಪತ್ರ ಓದಿ

ಯಾವ ಲೆಕ್ಕಕ್ಕೂ ಮೊದಲು ಪಾಲುದಾರಿಕೆ ಪತ್ರದ ಪ್ರತಿ ಕೈಗೆ ಬರಬೇಕು. ಮನೆಯ ಕಪಾಟಿನಲ್ಲಿ ಸಿಗದಿದ್ದರೆ ಸಂಸ್ಥೆಯ ಸಿಎ ಹತ್ತಿರ ಇರುತ್ತದೆ. ಸಾಲ ಕೊಟ್ಟ ಬ್ಯಾಂಕಿನ ಕಡತದಲ್ಲೂ ಒಂದು ಇರುತ್ತದೆ. ಮಧ್ಯದಲ್ಲಿ ಯಾರಾದರೂ ಸೇರಿ, ಬಿಟ್ಟು ಹೋಗಿದ್ದರೆ ತಿದ್ದುಪಡಿ ಪತ್ರಗಳು ಇರುತ್ತವೆ. ಕೊನೆಯದನ್ನು ಹಿಡಿದುಕೊಳ್ಳಿ.

ಮೊದಲು ನೋಡಬೇಕಾದದ್ದು ಒಂದೇ ಪ್ರಶ್ನೆ: ಪಾಲುದಾರ ತೀರಿಕೊಂಡರೆ ಸಂಸ್ಥೆ ಮುಂದುವರಿಯುತ್ತದೆ ಎಂದು ಬರೆದಿದೆಯೇ? 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 42ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡ ಕೂಡಲೇ ಸಂಸ್ಥೆ ವಿಸರ್ಜನೆಯಾಗುತ್ತದೆ. ಮುಂದುವರಿಯುತ್ತದೆ ಎಂದು ಬರೆದಿದ್ದರೆ ಉಳಿದವರು ಅದೇ ಹೆಸರಿನಲ್ಲಿ ವ್ಯಾಪಾರ ನಡೆಸಬಹುದು, ತೀರಿಕೊಂಡವರ ಪಾಲನ್ನು ಲೆಕ್ಕ ಮಾಡಿ ಕೊಟ್ಟರಾಯಿತು. ಹೆಚ್ಚಿನ ಪತ್ರಗಳಲ್ಲಿ ಈ ಮಾತು ಇರುತ್ತದೆ, ನಮ್ಮ ಉದಾಹರಣೆಯಲ್ಲೂ ಇದೆ ಅಂದುಕೊಳ್ಳಿ.

ಸಂಸ್ಥೆಯಲ್ಲಿ ಇದ್ದವರೇ ಇಬ್ಬರಾದರೆ ಮಾತು ಬೇರೆ. ಪತ್ರದಲ್ಲಿ ಏನೇ ಬರೆದಿರಲಿ, ಒಬ್ಬರು ಹೋದ ಮೇಲೆ ಒಬ್ಬರೇ ಉಳಿದು ಪಾಲುದಾರಿಕೆ ನಡೆಸಲು ಆಗುವುದಿಲ್ಲ. ಇದನ್ನು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ಆಗ ಸಂಸ್ಥೆ ಮುಗಿಯಿತು, ಪೂರ್ಣ ಲೆಕ್ಕ ಮಾಡಬೇಕು. ಉಳಿದವರು ಒಬ್ಬರೇ ನಡೆಸಿದರೆ ಅದು ಅವರ ಸ್ವಂತ ವ್ಯಾಪಾರ, ಹಳೆಯ ಸಂಸ್ಥೆಯ ಪ್ಯಾನ್ ಅದಕ್ಕೆ ಬರುವುದಿಲ್ಲ, ಜಿಎಸ್‌ಟಿ ನೋಂದಣಿ ಹೊಸದಾಗಿ ಆಗಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಬಹಳ. ತಂದೆ ಪಾಲುದಾರರಾಗಿದ್ದರೆ ಮಗ ತಾನಾಗಿಯೇ ಪಾಲುದಾರನಾಗುತ್ತಾನೆ ಅನ್ನುವುದು. ಹಾಗಾಗುವುದಿಲ್ಲ. ಅವನಿಗೆ ಬರುವುದು ತಂದೆಯ ಪಾಲಿನ ಹಣದ ಹಕ್ಕು. ಪಾಲುದಾರನಾಗಬೇಕಾದರೆ ಉಳಿದವರು ಒಪ್ಪಬೇಕು, ಹೊಸ ಪತ್ರ ಬರೆಯಬೇಕು. ಹಾಗೆ ಸೇರಿಸಿಕೊಳ್ಳುವುದಿದ್ದರೂ ಮೊದಲು ಹಳೆಯ ಲೆಕ್ಕ ಮಾಡಿ ಅಂಕಿ ನಿಗದಿಯಾಗಲಿ. ಮಗನನ್ನು ಸೇರಿಸಿಕೊಂಡೆವು ಅನ್ನುವ ಕಾರಣಕ್ಕೆ ಹೆಣ್ಣುಮಕ್ಕಳ ಮತ್ತು ತಾಯಿಯ ಪಾಲು ಸದ್ದಿಲ್ಲದೆ ಅವನ ಬಂಡವಾಳ ಖಾತೆಗೆ ಸೇರಿಹೋಗುವುದನ್ನು ನೋಡಿ ನನಗೆ ನಿಜವಾಗಿ ಬೇಸರವಾಗುತ್ತದೆ.

ತೀರಿಕೊಂಡ ದಿನಕ್ಕೆ ಲೆಕ್ಕ ನಿಲ್ಲಿಸಿ

ಪಾಲಿನ ಲೆಕ್ಕ ನಿಲ್ಲುವುದು ತೀರಿಕೊಂಡ ದಿನದಂದು. ಮಾರ್ಚ್ 31ಕ್ಕೆ ಅಲ್ಲ, ಮಾತುಕತೆ ಮುಗಿದ ದಿನಕ್ಕೂ ಅಲ್ಲ. ಆದ್ದರಿಂದ ಆ ದಿನ ಸಂಸ್ಥೆಯಲ್ಲಿ ಏನಿತ್ತು ಅನ್ನುವುದಕ್ಕೆ ಸಾಕ್ಷಿ ಬೇಗ ಕೂಡಿಸಬೇಕು. ಗಂಜಿನ ವ್ಯಾಪಾರದಲ್ಲಿ ಮಾಲು ದಿನವೂ ಬರುತ್ತದೆ, ಹೋಗುತ್ತದೆ. ಒಂದು ತಿಂಗಳು ಕಳೆದರೆ ಆ ದಿನದ ದಾಸ್ತಾನು ಬರೀ ನೆನಪಿನ ಮಾತಾಗುತ್ತದೆ.

ದುಃಖದ ಮನೆಯಲ್ಲಿ ಇದನ್ನೆಲ್ಲ ಕೇಳುವುದು ಕಷ್ಟ ಅನ್ನುವುದು ಗೊತ್ತು. ಹಾಗಾಗಿ ಮನೆಯವರ ಪರವಾಗಿ ಒಬ್ಬ ಹತ್ತಿರದವರು, ಲೆಕ್ಕ ತಿಳಿದವರು, ಉಳಿದ ಪಾಲುದಾರರ ಜೊತೆ ಕುಳಿತು ಈ ಕೆಲಸ ಮಾಡಲಿ. ಮಿಲ್ಲಿಗೆ ಹೋಗಿ ಚೀಲ ಎಣಿಸಬೇಕು. ತೊಗರಿ ಎಷ್ಟು, ತಯಾರಾದ ಬೇಳೆ ಎಷ್ಟು, ಎಣ್ಣೆ ಹಚ್ಚಿ ಇಟ್ಟಿರುವ ಅರ್ಧ ತಯಾರಿಯ ಮಾಲು ಎಷ್ಟು, ಹೊಟ್ಟು ಚುನ್ನಿ ಎಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳಬೇಕು. ಎಣಿಕೆಯ ದಿನ ತಡವಾಗಿದ್ದರೆ, ನಡುವಿನ ದಿನಗಳ ಖರೀದಿ ಮಾರಾಟದ ಬಿಲ್ಲು ಮತ್ತು ತೂಕದ ಚೀಟಿ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ಆ ದಿನದ ದಾಸ್ತಾನು ಸಿಗುತ್ತದೆ. ಗೋಡೌನಿನಲ್ಲಿ ಬೇರೆಯವರ ಮಾಲೂ ಇರಬಹುದು. ಕೂಲಿ ಲೆಕ್ಕದಲ್ಲಿ ಬೇಳೆ ಮಾಡಿಕೊಡಲು ತಂದಿಟ್ಟದ್ದು, ರೈತರು ದರ ಏರಲಿ ಎಂದು ಬಿಟ್ಟುಹೋದದ್ದು ಸಂಸ್ಥೆಯ ಆಸ್ತಿ ಅಲ್ಲ. ಅದನ್ನು ಬೇರೆ ಇಡಿ.

ಅದೇ ದಿನದ ಟ್ಯಾಲಿ ಬ್ಯಾಕಪ್ ಒಂದು ಪ್ರತಿ, ಬ್ಯಾಂಕ್ ಖಾತೆಗಳ ಆ ದಿನದ ಬಾಕಿ, ಉದ್ರಿ ಪಟ್ಟಿ, ಕೊಡಬೇಕಾದವರ ಪಟ್ಟಿ, ಕೈಯಲ್ಲಿದ್ದ ನಗದು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡಿದರೆ ಮುಂದಿನ ಅರ್ಧ ಜಗಳ ಅಲ್ಲೇ ಮುಗಿಯಿತು.

ಜಾಗದ ವಿಷಯವನ್ನು ಇಲ್ಲೇ ಬಗೆಹರಿಸಿಕೊಳ್ಳಿ. ಮಿಲ್ಲು ನಿಂತ ಜಾಗ ಸಂಸ್ಥೆಯದೋ ಒಬ್ಬರ ಸ್ವಂತದ್ದೋ? ಶರಣಪ್ಪನವರ ಸ್ವಂತ ಹೆಸರಿನಲ್ಲಿದ್ದು, ಸಂಸ್ಥೆ ಬಾಡಿಗೆ ಕೊಡುತ್ತಿದ್ದರೆ ಅದು ಪೂರ್ತಿ ಅವರ ಮನೆಯವರದು, ಪಾಲಿನ ಲೆಕ್ಕಕ್ಕೆ ಬರುವುದೇ ಇಲ್ಲ. ಅವರ ಹೆಸರಿನಲ್ಲಿದ್ದರೂ ಸಂಸ್ಥೆಯ ದುಡ್ಡಿನಿಂದ ಕೊಂಡು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಿಕೊಂಡು ಬಂದಿದ್ದರೆ ಅದು ಸಾಮಾನ್ಯವಾಗಿ ಸಂಸ್ಥೆಯ ಆಸ್ತಿ. ಖಾತೆ ಯಾರ ಹೆಸರಲ್ಲಿದೆ ಅನ್ನುವುದೊಂದನ್ನೇ ನೋಡಿ ತೀರ್ಮಾನಿಸಬೇಡಿ, ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ನೋಡಿ.

ಪಾಲು ಹೇಗೆ ಕೂಡುತ್ತದೆ

ನಮ್ಮ ಸಂಸ್ಥೆಯ 2025ರ ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಹೀಗಿತ್ತು ಅಂದುಕೊಳ್ಳಿ. ಜಾಗ ಮತ್ತು ಕಟ್ಟಡ 18 ಲಕ್ಷ, ಯಂತ್ರ 12 ಲಕ್ಷ, ಮಾಲು 20 ಲಕ್ಷ, ಬರಬೇಕಾದ ಉದ್ರಿ 15 ಲಕ್ಷ, ನಗದು ಮತ್ತು ಬ್ಯಾಂಕು 2 ಲಕ್ಷ. ಒಟ್ಟು 67 ಲಕ್ಷ. ಇನ್ನೊಂದು ಬದಿ ಬ್ಯಾಂಕಿನ ಸಿಸಿ ಸಾಲ 20 ಲಕ್ಷ, ಅಡತಿ ಮತ್ತಿತರರಿಗೆ ಕೊಡಬೇಕಾದದ್ದು 14 ಲಕ್ಷ, ಹಂಚದೆ ಉಳಿಸಿಟ್ಟ ಲಾಭದ ನಿಧಿ 5 ಲಕ್ಷ. ಬಂಡವಾಳ ಶರಣಪ್ಪ 12 ಲಕ್ಷ, ಬಸಣ್ಣ 10 ಲಕ್ಷ, ಖಾಜಾಸಾಬ್ 6 ಲಕ್ಷ.

ನಿಧಿಯಿಂದ ಶುರು ಮಾಡೋಣ. ಆ 5 ಲಕ್ಷ ಮೂವರೂ ಗಳಿಸಿ ಹಂಚಿಕೊಳ್ಳದೆ ಇಟ್ಟದ್ದು. ಶರಣಪ್ಪನವರ ಐದರಲ್ಲಿ ಎರಡು ಭಾಗ ಅಂದರೆ 2 ಲಕ್ಷ ಅವರ ಖಾತೆಗೆ ಬರಬೇಕು. ಬಂಡವಾಳದ ಸಾಲನ್ನಷ್ಟೇ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಆಮೇಲೆ ಆಸ್ತಿಗೆ ತೀರಿಕೊಂಡ ದಿನದಂದು ಇದ್ದ ಬೆಲೆ. ಪುಸ್ತಕದಲ್ಲಿ ಇರುವುದು ಕೊಂಡ ದಿನದ ಬೆಲೆ, ಅದರಲ್ಲೂ ಸವಕಳಿ ಕಳೆದದ್ದು. ಕಪನೂರ ಕೈಗಾರಿಕಾ ಪ್ರದೇಶದಂಥ ಕಡೆ ಎಂದೋ ತೆಗೆದುಕೊಂಡ ಪ್ಲಾಟಿನ ಬೆಲೆ ಪುಸ್ತಕದ ಅಂಕಿಗೂ ಇವತ್ತಿನ ದರಕ್ಕೂ ಸಂಬಂಧವಿಲ್ಲದಷ್ಟು ಏರಿರುತ್ತದೆ. ಇಬ್ಬರಿಗೂ ಒಪ್ಪಿಗೆಯಾಗುವ ನೋಂದಾಯಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ. ನಮ್ಮ ಲೆಕ್ಕದಲ್ಲಿ ಜಾಗ ಕಟ್ಟಡ 38 ಲಕ್ಷ ಎಂದು ಬಂತು, 20 ಲಕ್ಷ ಏರಿಕೆ. ಆದರೆ ಇಳಿಕೆಯನ್ನೂ ಪ್ರಾಮಾಣಿಕವಾಗಿ ಹಿಡಿಯಬೇಕು. ಯಂತ್ರದ ಬೆಲೆ 2 ಲಕ್ಷ ಇಳಿದಿದೆ. ಉದ್ರಿಯಲ್ಲಿ ಒಂದೂವರೆ ಲಕ್ಷ ಬರುವ ಆಸೆ ಇಲ್ಲ. ಹಮಾಲಿ ಕೂಲಿ, ಕರೆಂಟ್ ಬಿಲ್ಲು ಅಂತ 50 ಸಾವಿರ ಕೊಡುವುದು ಪುಸ್ತಕಕ್ಕೆ ಬಂದೇ ಇರಲಿಲ್ಲ. ಇಳಿಕೆ ಒಟ್ಟು 4 ಲಕ್ಷ, ನಿವ್ವಳ ಏರಿಕೆ 16 ಲಕ್ಷ. ಶರಣಪ್ಪನವರಿಗೆ 6,40,000.

ಉದ್ರಿಯ ಬಗ್ಗೆ ಒಂದು ಎಚ್ಚರ. ಉಳಿದ ಪಾಲುದಾರರು ಮುಳುಗಿದ ಉದ್ರಿ ಎಂದು ಹೇಳುವ ಹೆಸರುಗಳನ್ನು ಪಟ್ಟಿ ಮಾಡಿಸಿ ಇಟ್ಟುಕೊಳ್ಳಿ. ಮುಂದೆ ಅದೇ ಹಣ ವಸೂಲಾದರೆ ಅದರಲ್ಲಿ ಐದರಲ್ಲಿ ಎರಡು ಭಾಗ ವಾರಸುದಾರರಿಗೆ ಕೊಡಬೇಕು ಎಂದು ಇತ್ಯರ್ಥ ಪತ್ರದಲ್ಲಿ ಒಂದು ಸಾಲು ಸೇರಿಸಿದರೆ, ಸುಮ್ಮನೆ ಮುಳುಗಿಸಿ ತೋರಿಸುವ ಆಸೆ ಯಾರಿಗೂ ಬರುವುದಿಲ್ಲ.

ಮುಂದಿನದು ಗುಡ್‌ವಿಲ್. ಅಂಗಡಿಗೆ ಹೆಸರಿದೆ, ಬೇಳೆಯ ಬ್ರ್ಯಾಂಡ್ ಹೈದರಾಬಾದಿನ, ಸೊಲ್ಲಾಪುರದ ವ್ಯಾಪಾರಿಗಳಿಗೆ ಗೊತ್ತು, ಫೋನ್ ಮಾಡಿದರೆ ಮಾಲು ಹೋಗುತ್ತದೆ. ಆ ಹೆಸರನ್ನು ಕಟ್ಟುವುದರಲ್ಲಿ ಹೋದವರ ಶ್ರಮವೂ ಇದೆ, ಅದರ ಫಲ ಮುಂದೆ ಉಳಿದವರಿಗೆ ಸಿಗುತ್ತದೆ. ಕಾಯ್ದೆಯ 14ನೇ ಕಲಂ ಗುಡ್‌ವಿಲ್ಲನ್ನು ಸಂಸ್ಥೆಯ ಆಸ್ತಿ ಎಂದೇ ಹೇಳುತ್ತದೆ. ಪುಸ್ತಕದಲ್ಲಿ ಅದಕ್ಕೆ ಅಂಕಿ ಇಲ್ಲ ಅನ್ನುವುದು ಕಾರಣವಾಗುವುದಿಲ್ಲ. ಅಳೆಯುವ ರೀತಿಯನ್ನು ಪತ್ರದಲ್ಲಿ ಬರೆದಿದ್ದರೆ ಅದೇ ನಡೆಯುತ್ತದೆ. ಸಾಮಾನ್ಯವಾಗಿ ಬರೆಯುವುದು ಕಳೆದ ಮೂರು ವರ್ಷದ ಸರಾಸರಿ ಲಾಭದ ಎರಡು ಪಟ್ಟು ಎಂದು. ಮೂರು ವರ್ಷದ ಲಾಭ 6 ಲಕ್ಷ, ಏಳೂವರೆ ಲಕ್ಷ, 9 ಲಕ್ಷ ಇದ್ದರೆ ಸರಾಸರಿ ಏಳೂವರೆ ಲಕ್ಷ, ಎರಡು ಪಟ್ಟು 15 ಲಕ್ಷ. ಶರಣಪ್ಪನವರ ಭಾಗ 6 ಲಕ್ಷ. ಇದನ್ನು ಪಾಲುದಾರರ ಖಾತೆಗಳ ನಡುವೆಯೇ ಹೊಂದಿಸುತ್ತಾರೆ. ಉಳಿದ ಇಬ್ಬರ ಪಾಲು ಇನ್ನು ಮುಂದೆ 2:1 ಆಗುವುದರಿಂದ ಬಸಣ್ಣನ ಖಾತೆಯಿಂದ 4 ಲಕ್ಷ, ಖಾಜಾಸಾಬ್ ಖಾತೆಯಿಂದ 2 ಲಕ್ಷ ಕಳೆದು ಶರಣಪ್ಪನವರ ಖಾತೆಗೆ ಹಾಕುತ್ತಾರೆ.

ಇನ್ನು ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರ ತನಕದ ಲಾಭ. ಆರು ತಿಂಗಳು ಶರಣಪ್ಪ ಪಾಲುದಾರರಾಗಿದ್ದರು, ಆದರೆ ವರ್ಷದ ಲೆಕ್ಕ ಮುಗಿದಿಲ್ಲ. ಇಲ್ಲಿ ಯಾವ ರೀತಿ ಹಿಡಿದರೂ ಬೇರೆ ಬೇರೆ ಉತ್ತರ ಬರುತ್ತದೆ. ಕಳೆದ ವರ್ಷದ 9 ಲಕ್ಷ ಲಾಭದಲ್ಲಿ ಅರ್ಧ ವರ್ಷಕ್ಕೆ ನಾಲ್ಕೂವರೆ ಲಕ್ಷ, ಅದರಲ್ಲಿ ಅವರ ಭಾಗ 1,80,000. ಮಾರಾಟದ ಮೇಲೆ ಹಿಡಿದರೆ, ಕಳೆದ ವರ್ಷ 3 ಕೋಟಿ ಮಾರಾಟಕ್ಕೆ 9 ಲಕ್ಷ, ಅಂದರೆ ನೂರಕ್ಕೆ 3. ಈ ಆರು ತಿಂಗಳ ಮಾರಾಟ 1 ಕೋಟಿ 20 ಲಕ್ಷ, ಲಾಭ 3,60,000, ಅವರ ಭಾಗ 1,44,000.

ನಮ್ಮ ತೊಗರಿ ವ್ಯಾಪಾರಕ್ಕೆ ಈ ಎರಡೂ ರೀತಿ ಅಷ್ಟು ಒಗ್ಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೊಸ ತೊಗರಿ ಡಿಸೆಂಬರ್ ಹೊತ್ತಿಗೆ ಬರಲು ಶುರುವಾಗುತ್ತದೆ, ಆಗ ಖರೀದಿಸಿಟ್ಟ ಮಾಲಿನ ಲಾಭ ತಿಂಗಳುಗಟ್ಟಲೆ ಆಮೇಲೆ ಬೇಳೆಯಾಗಿ ಮಾರಿದಾಗ ಕಾಣುತ್ತದೆ. ದರ ಒಂದೇ ಋತುವಿನಲ್ಲಿ ಏರಿಳಿದರೆ ಕಳೆದ ವರ್ಷದ ಲಾಭ ಈ ವರ್ಷಕ್ಕೆ ಅಳತೆಯಾಗುವುದಿಲ್ಲ. ಪತ್ರದಲ್ಲಿ ಏನೂ ಬರೆಯದಿದ್ದರೆ ತೀರಿಕೊಂಡ ದಿನದ ದಾಸ್ತಾನು ಹಿಡಿದು ಆರು ತಿಂಗಳ ನಿಜ ಲಾಭವನ್ನೇ ತೆಗೆಯುವುದು ನ್ಯಾಯ. ಚೀಲ ಎಣಿಸಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ನಮ್ಮ ಉದಾಹರಣೆಯ ಪತ್ರದಲ್ಲಿ ಹಿಂದಿನ ವರ್ಷದ ಲಾಭದ ಮೇಲೆ ಎಂದಿದೆ, ಆದ್ದರಿಂದ 1,80,000 ಹಿಡಿಯೋಣ.

ಬಂಡವಾಳಕ್ಕೆ ಬಡ್ಡಿ ಪತ್ರದಲ್ಲಿ ಬರೆದಿದ್ದರೆ ಮಾತ್ರ ಸಿಗುತ್ತದೆ. ಇಲ್ಲಿ ನೂರಕ್ಕೆ 6 ಎಂದಿದೆ, 12 ಲಕ್ಷಕ್ಕೆ ಆರು ತಿಂಗಳಿಗೆ 36,000. ಏಪ್ರಿಲ್‌ನಿಂದ ಅವರು ಮನೆಖರ್ಚಿಗೆ ತೆಗೆದದ್ದು 1,50,000, ಅದನ್ನು ಕಳೆಯಬೇಕು. ಅಂತ್ಯಕ್ರಿಯೆಗೆ ಅಂಗಡಿಯಿಂದ ಕೊಟ್ಟ 40,000ವನ್ನು ಉಳಿದವರು ಸಹಾಯವೆಂದು ಕೊಟ್ಟರೋ ಪಾಲಿನ ಮುಂಗಡವೆಂದು ಕೊಟ್ಟರೋ ಎಂದು ಕೇಳಿಬಿಡಿ. ಇಲ್ಲಿ ಮುಂಗಡ ಎಂದು ಹಿಡಿದಿದ್ದೇನೆ.

| ಬಾಬತ್ತು | ರೂಪಾಯಿ |
|---|---|
| ಬಂಡವಾಳ | 12,00,000 |
| ನಿಧಿಯಲ್ಲಿ ಪಾಲು | 2,00,000 |
| ಆಸ್ತಿ ಮರುಮೌಲ್ಯದಲ್ಲಿ ಪಾಲು | 6,40,000 |
| ಗುಡ್‌ವಿಲ್ ಪಾಲು | 6,00,000 |
| ಆರು ತಿಂಗಳ ಲಾಭ | 1,80,000 |
| ಬಂಡವಾಳದ ಬಡ್ಡಿ | 36,000 |
| ಕೂಡಿದ್ದು | 28,56,000 |
| ಕಳೆ: ತೆಗೆದ ಹಣ | 1,50,000 |
| ಕಳೆ: ಮುಂಗಡ | 40,000 |
| ಕೊಡಬೇಕಾದದ್ದು | 26,66,000 |

ಬಾಗಿಲಿಗೆ ಬಂದ ಮಾತು 12 ಲಕ್ಷ. ಲೆಕ್ಕದ ಮಾತು 26,66,000. ಶರಣಪ್ಪ ಬಂಡವಾಳವಲ್ಲದೆ ಬೇರೆಯಾಗಿ ಸಂಸ್ಥೆಗೆ ಕೈಸಾಲ ಕೊಟ್ಟಿದ್ದರೆ ಅದು ಇದರ ಮೇಲೆ. ಬೇರೆ ಬಡ್ಡಿದರದ ಒಪ್ಪಂದ ಇಲ್ಲದಿದ್ದರೆ ಅಂಥ ಸಾಲಕ್ಕೆ ಕಾಯ್ದೆಯೇ ವರ್ಷಕ್ಕೆ ನೂರಕ್ಕೆ 6 ಬಡ್ಡಿ ಕೊಟ್ಟಿದೆ.

ಕೊಡುವವರೆಗೂ ಆ ಹಣ ಸುಮ್ಮನೆ ಕೂಡುವುದಿಲ್ಲ

ಸಂಸ್ಥೆಯ ಕೈಯಲ್ಲಿ ನಗದು 2 ಲಕ್ಷವೇ ಇರುವಾಗ 26 ಲಕ್ಷ ಒಮ್ಮೆಗೆ ಎಲ್ಲಿಂದ ಬರಬೇಕು? ತಡವಾಗುವುದು ಸಹಜ. ಆದರೆ ತಡವಾದಷ್ಟು ದಿನವೂ ತೀರಿಕೊಂಡವರ ದುಡ್ಡಿನ ಮೇಲೆ ಉಳಿದವರ ವ್ಯಾಪಾರ ನಡೆಯುತ್ತಿರುತ್ತದೆ. ಇದಕ್ಕಾಗಿಯೇ 37ನೇ ಕಲಂ ಇದೆ. ಅಂತಿಮ ಲೆಕ್ಕ ಮಾಡದೆ ಸಂಸ್ಥೆಯ ಆಸ್ತಿ ಬಳಸಿ ವ್ಯಾಪಾರ ಮುಂದುವರಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ವಾರಸುದಾರರು ಎರಡರಲ್ಲಿ ಒಂದನ್ನು ಕೇಳಬಹುದು: ಆ ಪಾಲಿನ ಹಣ ಬಳಸಿದ್ದರಿಂದ ಬಂದ ಲಾಭದ ಭಾಗ, ಇಲ್ಲವೇ ಪಾಲಿನ ಮೊತ್ತಕ್ಕೆ ವರ್ಷಕ್ಕೆ ನೂರಕ್ಕೆ 6 ಬಡ್ಡಿ. ಯಾವುದು ಬೇಕು ಎಂದು ಆರಿಸುವ ಹಕ್ಕು ವಾರಸುದಾರರದು, ಉಳಿದ ಪಾಲುದಾರರದಲ್ಲ.

2026ರ ಮಾರ್ಚ್ 31ರ ತನಕ ಏನೂ ಕೊಡಲಿಲ್ಲ ಅಂದುಕೊಳ್ಳಿ. ಬಡ್ಡಿ ಆರಿಸಿದರೆ 26,66,000ಕ್ಕೆ ಆರು ತಿಂಗಳಿಗೆ 79,980. ಲಾಭ ಆರಿಸಿದರೆ? ಆ ಆರು ತಿಂಗಳಲ್ಲಿ ಸಂಸ್ಥೆಗೆ 8 ಲಕ್ಷ ಲಾಭ ಬಂತು. ಬಸಣ್ಣ, ಖಾಜಾಸಾಬ್ ದಿನವೂ ಮಿಲ್ಲಿನಲ್ಲಿ ದುಡಿದದ್ದಕ್ಕೆ ನ್ಯಾಯವಾದ ಸಂಬಳ 3 ಲಕ್ಷ ಕಳೆಯೋಣ, ಏಕೆಂದರೆ ಆ ಲಾಭ ಪೂರ್ತಿ ದುಡ್ಡಿನಿಂದ ಬಂದದ್ದಲ್ಲ. ಉಳಿದ 5 ಲಕ್ಷ. ಮೂವರ ಒಟ್ಟು ಬಂಡವಾಳದಲ್ಲಿ ಶರಣಪ್ಪನವರ ಹಣ ಸುಮಾರು ಅರ್ಧ ಇದ್ದರೆ ವಾರಸುದಾರರ ಭಾಗ ಸುಮಾರು 2,50,000. ಬಡ್ಡಿಯ ಮೂರು ಪಟ್ಟು. ನಷ್ಟದ ವರ್ಷವಾಗಿದ್ದರೆ ಬಡ್ಡಿಯೇ ಲೇಸು. ಅದಕ್ಕೆ ವರ್ಷದ ಲೆಕ್ಕ ಕೈಗೆ ಬರುವ ತನಕ ಯಾವ ಆಯ್ಕೆಗೂ ಸಹಿ ಮಾಡಬೇಡಿ.

ಪತ್ರದಲ್ಲಿ ಬಡ್ಡಿದರವನ್ನೋ ಕಂತನ್ನೋ ಮೊದಲೇ ಬರೆದಿದ್ದರೆ ಅದು ನಡೆಯುತ್ತದೆ. ಹಾಗೆಯೇ ಪಾಲನ್ನು ಉಳಿದವರು ಕೊಂಡುಕೊಳ್ಳಬಹುದು ಎಂದು ಪತ್ರದಲ್ಲಿದ್ದು, ಅದರ ಷರತ್ತುಗಳನ್ನೆಲ್ಲ ಪಾಲಿಸಿ ಅವರು ಕೊಂಡುಕೊಂಡರೆ ಆಮೇಲಿನ ಲಾಭ ಕೇಳಲು ಬರುವುದಿಲ್ಲ. ಆದರೆ ಕೊಂಡುಕೊಳ್ಳುತ್ತೇವೆ ಎಂದು ಹೇಳಿ ಷರತ್ತಿನ ಪ್ರಕಾರ ನಡೆಯದಿದ್ದರೆ 37ನೇ ಕಲಂ ಮತ್ತೆ ತೆರೆಯುತ್ತದೆ.

ಕಂತಿಗೆ ಒಪ್ಪುವುದಾದರೆ ಹೀಗೆ ಬರೆಯಬಹುದು. 6,66,000 ಈಗ, ಉಳಿದ 20 ಲಕ್ಷ ನಾಲ್ಕು ಅರ್ಧ ವಾರ್ಷಿಕ ಕಂತುಗಳಲ್ಲಿ ತಲಾ 5 ಲಕ್ಷ, ಬಾಕಿಗೆ ನೂರಕ್ಕೆ 10 ಬಡ್ಡಿ. ಮೊದಲ ಕಂತಿನ ಜೊತೆ ಬಡ್ಡಿ 1,00,000, ಆಮೇಲೆ 75,000, 50,000, 25,000. ಒಟ್ಟು ಬಡ್ಡಿ 2,50,000. ದರವನ್ನು ಸಂಸ್ಥೆ ಬ್ಯಾಂಕಿಗೆ ಕೊಡುವ ಸಿಸಿ ಬಡ್ಡಿಯ ಹತ್ತಿರ ಇಡುವುದು ಸರಿ. ಕಂತಿನ ತಿಂಗಳುಗಳನ್ನು ಸುಗ್ಗಿಯಲ್ಲಿ ಇಡಬೇಡಿ. ಜನವರಿಯಲ್ಲಿ ಮಿಲ್ಲಿನವರ ದುಡ್ಡೆಲ್ಲ ತೊಗರಿ ಖರೀದಿಗೆ ಹೋಗಿರುತ್ತದೆ, ಆಗ ಕಂತು ತಪ್ಪಿದರೆ ಸಂಬಂಧ ಕೆಡುತ್ತದೆ. ಮೇ ಮತ್ತು ನವೆಂಬರ್ ಕೊನೆ ಎರಡೂ ಕಡೆಗೆ ಅನುಕೂಲ. ಒಂದು ಕಂತು ತಪ್ಪಿದರೆ ಉಳಿದ ಬಾಕಿ ಪೂರ್ತಿ ಒಮ್ಮೆಗೆ ಕೊಡಬೇಕು ಅನ್ನುವ ಸಾಲು ಇರಲೇಬೇಕು. ಬಸಣ್ಣ, ಖಾಜಾಸಾಬ್ ಇಬ್ಬರೂ ಸಂಸ್ಥೆಯ ಪರವಾಗಿಯಲ್ಲದೆ ಸ್ವಂತವಾಗಿಯೂ ಸಹಿ ಮಾಡಲಿ.

ಯಾರ ಕೈಗೆ ಕೊಡಬೇಕು

ಉಳಿದ ಪಾಲುದಾರರಿಗೆ ಹೇಳುವ ಮಾತು: ದೊಡ್ಡ ಮಗನ ಕೈಗೆ ಚೆಕ್ ಕೊಟ್ಟರೆ ನಿಮ್ಮ ಜವಾಬ್ದಾರಿ ಮುಗಿಯುವುದಿಲ್ಲ. ಉಯಿಲು ಇಲ್ಲದೆ ತೀರಿಕೊಂಡ ಹಿಂದೂ ಪುರುಷನ ಸ್ವಂತ ಗಳಿಕೆಯ ಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆ ಸಮನಾಗಿ ಹೋಗುತ್ತದೆ. ಶರಣಪ್ಪನವರಿಗೆ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ತಾಯಿ ಇದ್ದರೆ ಐದು ಪಾಲು, ತಲಾ 5,33,200. ಮದುವೆಯಾಗಿ ಬೀದರಿಗೋ ಯಾದಗಿರಿಗೋ ಹೋದ ಮಗಳಿಗೂ ಅಷ್ಟೇ. ಮಗಳು ಬೇಡ ಅನ್ನುವುದಾದರೆ ಅದು ಅವಳ ಇಷ್ಟ, ಆದರೆ ಅದನ್ನು ಅವಳೇ ಬರೆದು ಕೊಡಬೇಕು. ಶರಣಪ್ಪ ಕೂಡುಕುಟುಂಬದ ಪರವಾಗಿ ಪಾಲುದಾರರಾಗಿದ್ದರೆ ಹಂಚಿಕೆ ಬೇರೆ. ತೀರಿಕೊಂಡವರು ಖಾಜಾಸಾಬ್ ಆಗಿದ್ದರೆ ಮುಸ್ಲಿಂ ವೈಯಕ್ತಿಕ ಕಾನೂನಿನ ಪಾಲುಗಳು ಅನ್ವಯಿಸುತ್ತವೆ.

ನಾಡಕಚೇರಿಯಿಂದ ವಂಶವೃಕ್ಷ ಮತ್ತು ವಾರಸುದಾರರ ಪ್ರಮಾಣಪತ್ರ ತೆಗೆಸಿ, ಎಲ್ಲ ವಾರಸುದಾರರ ಸಹಿ ಇರುವ ಪಾವತಿ ರಸೀದಿಯನ್ನೇ ಪಡೆಯಿರಿ. ವಾರಸುದಾರರಲ್ಲೇ ತಕರಾರಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಬರುವ ತನಕ ಹಣ ಬೇರೆ ಖಾತೆಯಲ್ಲಿ ಇಡುವುದು ಲೇಸು.

ಬ್ಯಾಂಕಿನ ಜಾಮೀನು ಮರೆಯಬೇಡಿ

ತೀರಿಕೊಂಡ ಮೇಲೆ ಸಂಸ್ಥೆ ಮಾಡಿದ ಸಾಲಕ್ಕೆ ಅವರ ಆಸ್ತಿ ಹೊಣೆಯಲ್ಲ ಎಂದು 35ನೇ ಕಲಂ ಹೇಳುತ್ತದೆ. ಅದಕ್ಕೂ ಮೊದಲಿನ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿ ಹೊಣೆಯೇ. ತೊಡಕು ಬರುವುದು ಸಿಸಿ ಸಾಲದಲ್ಲಿ. ಅದು ದಿನವೂ ತುಂಬಿ ದಿನವೂ ತೆಗೆಯುವ ಖಾತೆ. ಶರಣಪ್ಪ ಸ್ವಂತ ಜಾಮೀನು ಬರೆದುಕೊಟ್ಟು, ಮನೆಯ ಕಾಗದ ಅಡವಿಟ್ಟಿದ್ದರೆ, ಬ್ಯಾಂಕಿಗೆ ಮರಣ ಪ್ರಮಾಣಪತ್ರದೊಂದಿಗೆ ಕೂಡಲೇ ಪತ್ರ ಕೊಡಿ. ಆ ದಿನದ ಬಾಕಿ ಎಷ್ಟು ಎಂದು ಬರಹದಲ್ಲಿ ಕೇಳಿ, ಜಾಮೀನು ಮುಂದುವರಿಯುವುದಿಲ್ಲ ಎಂದು ತಿಳಿಸಿ. ಒಪ್ಪಂದ ಬೇರೆ ಹೇಳದಿದ್ದರೆ ಜಾಮೀನುದಾರ ಸತ್ತ ಮೇಲಿನ ವ್ಯವಹಾರಕ್ಕೆ ಜಾಮೀನು ನಿಲ್ಲುತ್ತದೆ, ಆದರೆ ಬ್ಯಾಂಕಿನ ನಮೂನೆಗಳಲ್ಲಿ ಬೇರೆ ಹೇಳಿರುವುದು ಸಾಮಾನ್ಯ. ಪಾಲಿನ ಹಣ ಪೂರ್ತಿ ಬಂದರೂ ಮನೆ ಅಡವಿನಲ್ಲೇ ಉಳಿದರೆ ಇತ್ಯರ್ಥ ಅರ್ಧವೇ ಆದಂತೆ. ಇಂತಿಷ್ಟು ದಿನದೊಳಗೆ ಉಳಿದವರು ಬೇರೆ ಭದ್ರತೆ ಕೊಟ್ಟು ಮನೆಯ ಕಾಗದ ಬಿಡಿಸಿಕೊಡಬೇಕು ಎಂದು ಇತ್ಯರ್ಥ ಪತ್ರದಲ್ಲಿ ಬರೆಸಿ.

ಬದುಕಿದ್ದು ಹೊರಬರುವವರಿಗೆ

ನಿವೃತ್ತಿಯಲ್ಲೂ ಲೆಕ್ಕ ಇದೇ, ಮೂರು ಕಡೆ ವ್ಯತ್ಯಾಸ. ಹೊರಬರಲು ಎಲ್ಲರ ಒಪ್ಪಿಗೆ ಬೇಕು, ಅಥವಾ ಪತ್ರದಲ್ಲಿ ಅವಕಾಶ ಇರಬೇಕು. ಅವಧಿ ಹಾಕದ, ಇಚ್ಛೆ ಇರುವ ತನಕದ ಪಾಲುದಾರಿಕೆಯಾದರೆ ಉಳಿದ ಎಲ್ಲರಿಗೂ ಲಿಖಿತ ನೋಟಿಸ್ ಕೊಟ್ಟರೆ ಸಾಕು.

ಎರಡನೆಯದು ಸಾರ್ವಜನಿಕ ಪ್ರಕಟಣೆ. ತೀರಿಕೊಂಡವರಿಗೆ ಇದು ಬೇಡ, ನಿವೃತ್ತರಾದವರಿಗೆ ಬೇಕೇ ಬೇಕು. ಪ್ರಕಟಣೆ ಕೊಡದಿದ್ದರೆ, ನೀವು ಹೊರಬಂದ ಮೇಲೆ ಉಳಿದವರು ಮಾಡಿದ ಸಾಲಕ್ಕೂ ನೀವು ಹೊಣೆಯಾಗುತ್ತೀರಿ. ನೋಂದಾಯಿತ ಸಂಸ್ಥೆಯಾದರೆ ಸಂಸ್ಥೆಗಳ ನೋಂದಣಾಧಿಕಾರಿಗೆ ತಿಳಿಸಬೇಕು, ರಾಜ್ಯಪತ್ರದಲ್ಲಿ ಹಾಕಿಸಬೇಕು, ಆ ಜಿಲ್ಲೆಯಲ್ಲಿ ಓದುವ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಹಾಕಿಸಬೇಕು. ಉಳಿದವರು ಹಾಕಿಸುತ್ತಾರೆ ಎಂದು ಕಾಯಬೇಡಿ, ಹೊರಬಂದವರೇ ಹಾಕಿಸಬಹುದು. ಪತ್ರಿಕೆಯ ಪುಟವನ್ನು ಜೋಪಾನವಾಗಿಡಿ. ಹಳೆಯ ಸಾಲಗಳಿಂದ ಬಿಡುಗಡೆ ಬೇಕಾದರೆ ಪ್ರಕಟಣೆ ಸಾಲದು, ಸಾಲ ಕೊಟ್ಟವರೇ ಒಪ್ಪಬೇಕು.

ಮೂರನೆಯದು ತೆರಿಗೆ. 2021ರ ತಿದ್ದುಪಡಿಯಿಂದ, ನಿವೃತ್ತರಾಗುವವರಿಗೆ ಬಂಡವಾಳ ಖಾತೆಯ ಬಾಕಿಗಿಂತ ಹೆಚ್ಚು ಹಣ ಹೋದರೆ ಆ ಹೆಚ್ಚುವರಿಯ ಮೇಲೆ ಸಂಸ್ಥೆಗೆ ಬಂಡವಾಳ ಲಾಭದ ತೆರಿಗೆ ಬೀಳಬಹುದು. ಆ ಬಾಕಿಯನ್ನು ಅಳೆಯುವಾಗ ಮರುಮೌಲ್ಯದಿಂದ, ಸ್ವಂತ ಗುಡ್‌ವಿಲ್‌ನಿಂದ ಬಂದ ಏರಿಕೆಯನ್ನು ಬಿಟ್ಟು ನೋಡುತ್ತಾರೆ. ಮೊತ್ತಕ್ಕೆ ಕೈ ಹಾಕುವ ಮೊದಲೇ ಸಿಎ ಹತ್ತಿರ ಈ ತೆರಿಗೆ ಎಷ್ಟಾಗುತ್ತದೆ, ಅದನ್ನು ಯಾರು ಹೊರಬೇಕು ಎಂದು ಕೇಳಿ. ಮರಣದ ಪ್ರಕರಣದಲ್ಲೂ ಈ ಪ್ರಶ್ನೆಯನ್ನು ಅವರಿಗೆ ಹಾಕಿಬಿಡಿ. ವಾರಸುದಾರರಿಗೆ ಬರುವ ತಡದ ಬಡ್ಡಿ ಅವರ ಆದಾಯಕ್ಕೆ ಸೇರುತ್ತದೆ.

ಕೊನೆಯ ಕಾಗದ, ಮತ್ತು ಗಡುವು

ಸಂಸ್ಥೆಯ ಜಿಎಸ್‌ಟಿ ನೋಂದಣಿಯಲ್ಲಿ ಪಾಲುದಾರರ ಬದಲಾವಣೆಯನ್ನು 15 ದಿನದೊಳಗೆ ತೋರಿಸಬೇಕು. ಎಪಿಎಂಸಿ ಲೈಸೆನ್ಸ್, ಬ್ಯಾಂಕ್ ಖಾತೆಯ ಸಹಿಗಳು, ಸಂಸ್ಥೆಗಳ ನೋಂದಣಿ ಎಲ್ಲದರಲ್ಲೂ ಹೆಸರು ತೆಗೆಸಿ.

ಇತ್ಯರ್ಥ ಪತ್ರದಲ್ಲಿ ಬರೀ ಒಟ್ಟು ಮೊತ್ತ ಬರೆಯಬೇಡಿ. ಮೇಲಿನ ಪಟ್ಟಿಯನ್ನೇ ಅದಕ್ಕೆ ಲಗತ್ತಿಸಿ. ಹಣವನ್ನಷ್ಟೇ ಕೊಡುವುದಾದರೆ ಕಾಗದ ಸರಳ. ಹಣದ ಬದಲು ಪ್ಲಾಟನ್ನೋ ಗೋಡೌನನ್ನೋ ವಾರಸುದಾರರ ಹೆಸರಿಗೆ ಬರೆದುಕೊಡುವುದಾದರೆ ಮುದ್ರಾಂಕ ಶುಲ್ಕ, ನೋಂದಣಿ ಬರುತ್ತದೆ, ವಕೀಲರಿಲ್ಲದೆ ಮುಂದೆ ಹೋಗಬೇಡಿ. "ಎಲ್ಲ ಹಣ ಮುಟ್ಟಿದೆ" ಎಂಬ ಪಾವತಿಗೆ ಕೊನೆಯ ಕಂತು ಖಾತೆಗೆ ಬಿದ್ದ ಮೇಲೆಯೇ ಸಹಿ ಮಾಡಿ. ಅಲ್ಲಿಯ ತನಕ ಬಂದ ಒಂದೊಂದು ಕಂತಿಗೂ ಅಷ್ಟಕ್ಕೇ ಪಾವತಿ ರಸೀದಿ ಕೊಡಿ.

ಮಾತುಕತೆ ಎಳೆಯುತ್ತಿದ್ದರೆ ಗಡುವಿನ ಮೇಲೆ ಕಣ್ಣಿರಲಿ. ವಿಸರ್ಜನೆಯಾದ ಸಂಸ್ಥೆಯ ಲೆಕ್ಕ ಮತ್ತು ಪಾಲು ಕೇಳುವ ದಾವೆಗೆ ವಿಸರ್ಜನೆಯ ದಿನದಿಂದ 3 ವರ್ಷ ಕಾಲಮಿತಿ, ಮುಂದುವರಿದ ಸಂಸ್ಥೆಯ ವಿಷಯದಲ್ಲೂ 3 ವರ್ಷವನ್ನೇ ಗಡುವೆಂದು ಹಿಡಿದು ನಡೆಯುವುದು ಸುರಕ್ಷಿತ. ಶರಣಪ್ಪನವರ ಮನೆಯವರು 2028ರ ಸೆಪ್ಟೆಂಬರ್ 30 ದಾಟಿಸಬಾರದು. ಇಂತಿಷ್ಟು ಬಾಕಿ ಕೊಡಬೇಕಾಗಿದೆ ಎಂದು ಉಳಿದವರು ಆ ಗಡುವಿನೊಳಗೆ ಸಹಿ ಹಾಕಿದ ಪತ್ರ ಕೊಟ್ಟರೆ ಆ ದಿನದಿಂದ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಪ್ರತಿ ವರ್ಷ ಮಾರ್ಚ್ ಲೆಕ್ಕ ಮುಗಿದ ಮೇಲೆ ವಾರಸುದಾರರ ಖಾತೆಯ ಬಾಕಿ ಇಷ್ಟು ಎಂದು ಸಂಸ್ಥೆಯಿಂದ ಸಹಿ ಮಾಡಿದ ಒಂದು ಹಾಳೆ ತೆಗೆದುಕೊಳ್ಳಿ.